ಸರ್ಕ್ಯೂಟ್ ನೋಟ್ಸ್‌ನಿಂದ ಚಿತ್ರಕಾರ್ಡ್: ಒಂದು ಚಿತ್ರ, ಒಂದು ನಿಯಮ, ಒಂದು ಮಿತಿ

ದ್ವಿತೀಯ ಪಿಯುಸಿಯ ವಿದ್ಯುತ್ ಪ್ರವಾಹದ ಅಧ್ಯಾಯವಿರಲಿ, ಡಿಪ್ಲೊಮಾ ಅಥವಾ ಬಿಇ ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಇರಲಿ, ತರಗತಿಯಲ್ಲಿ ಬರೆದುಕೊಂಡ ನೋಟ್ಸ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಂದು ಸರ್ಕ್ಯೂಟ್ ಚಿತ್ರ, ಅದರ ಕೆಳಗೆ ಒಂದೂವರೆ ಪುಟ ಸಮೀಕರಣಗಳು, ಕೊನೆಯಲ್ಲಿ ಚೌಕ ಹಾಕಿದ ಒಂದು ಸೂತ್ರ. ಪರೀಕ್ಷೆ ಹತ್ತಿರ ಬಂದಾಗ ಕಣ್ಣು ಆ ಚೌಕಗಳನ್ನು ಮಾತ್ರ ಹುಡುಕುತ್ತದೆ. ಸೂತ್ರಗಳ ಪಟ್ಟಿಯೊಂದು ತಯಾರಾಗುತ್ತದೆ, ಚಿತ್ರಗಳು ನೋಟ್‌ಬುಕ್ಕಿನಲ್ಲೇ ಉಳಿಯುತ್ತವೆ.

ತೊಂದರೆ ಶುರುವಾಗುವುದು ಅಲ್ಲಿಂದ. ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಅಷ್ಟರಲ್ಲಿ ಸೂತ್ರ ನೆನಪಾಗುತ್ತದೆ, ಆದರೆ ಎದುರಿಗಿರುವ ಚಿತ್ರಕ್ಕೆ ಯಾವ ಸೂತ್ರ ಎಂಬುದು ಹೊಳೆಯುವುದಿಲ್ಲ. ಸೂತ್ರದಲ್ಲಿರುವ R1 ಚಿತ್ರದ ಯಾವ ರೆಸಿಸ್ಟರ್ ಎಂಬುದು ಸೂತ್ರಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ನೋಟ್ಸನ್ನು ಚಿಕ್ಕದು ಮಾಡುವಾಗ ಉಳಿಯಬೇಕಾದದ್ದು ಚಿತ್ರ. ಸೂತ್ರ ಅದರ ಕೆಳಗಿನ ಒಂದು ಸಾಲು. ಅದನ್ನು ಮಾಡುವುದು ಹೇಗೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ನೋಡೋಣ.

## ನೋಟ್ಸ್‌ನಿಂದ ಏನನ್ನು ಎತ್ತಿಕೊಳ್ಳಬೇಕು

ಎ4 ಹಾಳೆಯನ್ನು ಎರಡು ಸಲ ಮಡಚಿ ಕತ್ತರಿಸಿದರೆ ನಾಲ್ಕು ಕಾರ್ಡ್ ಸಿಗುತ್ತವೆ. ಒಂದು ಸರ್ಕ್ಯೂಟ್ ಬಗೆಗೆ ಒಂದು ಕಾರ್ಡ್. ಮೇಲಿನ ಮೂರರಲ್ಲಿ ಎರಡು ಭಾಗ ಚಿತ್ರಕ್ಕೆ, ಅದರ ಕೆಳಗೆ ಒಂದು ಸಾಲು ನಿಯಮಕ್ಕೆ, ಮತ್ತೊಂದು ಸಾಲು ಆ ನಿಯಮ ಎಲ್ಲಿಯವರೆಗೆ ನಡೆಯುತ್ತದೆ ಎಂಬುದಕ್ಕೆ. ಹಿಂಬದಿಯಲ್ಲಿ ಸಂಖ್ಯೆ ಹಾಕಿ ಬಿಡಿಸಿದ ಒಂದೇ ಒಂದು ಲೆಕ್ಕ. ಇದಕ್ಕಿಂತ ಹೆಚ್ಚು ತುಂಬಿದರೆ ಅದು ಮತ್ತೆ ನೋಟ್ಸ್ ಆಗುತ್ತದೆ.

ನೋಟ್ಸ್ ತಿರುವುವಾಗ ಮೂರನ್ನು ಹುಡುಕಬೇಕು. ಮೊದಲನೆಯದು ಚಿತ್ರದ ಆಕಾರ, ಎರಡನೆಯದು ಕೊನೆಗೆ ಬಂದ ಫಲಿತಾಂಶ. ಇವೆರಡು ಸುಲಭವಾಗಿ ಸಿಗುತ್ತವೆ. ಮೂರನೆಯದು ಷರತ್ತು. ಅದು ಚೌಕದೊಳಗೆ ಇರುವುದಿಲ್ಲ. 'ಲೋಡ್ ಇಲ್ಲ ಎಂದುಕೊಳ್ಳಿ', 'ಗ್ಯಾಲ್ವನೋಮೀಟರಿನಲ್ಲಿ ಕರೆಂಟ್ ಸೊನ್ನೆಯಾದಾಗ', 'ಕೆಪಾಸಿಟರ್ ಮೊದಲು ಖಾಲಿಯಿತ್ತು' ಎಂಬಂಥ ಅರ್ಧ ವಾಕ್ಯವಾಗಿ ಸಮೀಕರಣಗಳ ನಡುವೆ ಅಡಗಿರುತ್ತದೆ. ಕೆಲವೊಮ್ಮೆ ಮೇಷ್ಟ್ರು ಬಾಯಲ್ಲಿ ಹೇಳಿದ್ದಷ್ಟೇ, ಬೋರ್ಡ್ ಮೇಲೆ ಬಂದಿರುವುದೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಲೆ ಹಾಕುವುದು ಬಹುಪಾಲು ಈ ಷರತ್ತಿನ ಸುತ್ತಲೇ. ಆದ್ದರಿಂದ ಸೂತ್ರದ ಸಾಧನೆಯನ್ನು ಕಾರ್ಡಿಗೆ ತರದಿದ್ದರೂ, ಸಾಧನೆಯನ್ನು ಒಮ್ಮೆ ಓದಿ ಷರತ್ತನ್ನು ಹೆಕ್ಕಿ ತೆಗೆಯಬೇಕು.

## ಮೊದಲು ನೋಡ್‌ಗಳಿಗೆ ಹೆಸರು

ಕಾರ್ಡಿನ ಮೇಲೆ ಮೊದಲು ಬೀಳಬೇಕಾದ ಲೇಬಲ್ R1, R2 ಅಲ್ಲ. ನೋಡ್‌ಗಳ ಹೆಸರು. ನೋಡ್ ಎಂದರೆ ನಡುವೆ ಯಾವ ರೆಸಿಸ್ಟರೂ ಬ್ಯಾಟರಿಯೂ ಇಲ್ಲದೆ, ಬರೀ ತಂತಿಯಿಂದ ಕೂಡಿಕೊಂಡ ಇಡೀ ಭಾಗ. ಕೆರೆಯ ಯಾವ ದಡದಲ್ಲಿ ನಿಂತು ನೋಡಿದರೂ ನೀರಿನ ಮಟ್ಟ ಒಂದೇ ಇರುವ ಹಾಗೆ, ಒಂದು ನೋಡಿನ ಯಾವ ಬಿಂದುವಿನಲ್ಲಿ ಅಳೆದರೂ ವೋಲ್ಟೇಜ್ ಒಂದೇ. ತಂತಿ ಎಷ್ಟೇ ಉದ್ದವಾಗಿ, ಎಷ್ಟೇ ತಿರುವು ತೆಗೆದುಕೊಂಡು ಹೋಗಿದ್ದರೂ ಅದು ಅದೇ ನೋಡ್, ಅದಕ್ಕೆ ಅದೇ ಅಕ್ಷರ.

ಮಾಡುವ ವಿಧಾನ ಹೀಗೆ. ಬ್ಯಾಟರಿಯ ಪ್ಲಸ್ ತುದಿಯಿಂದ ಶುರುಮಾಡಿ, ಬಣ್ಣದ ಪೆನ್ಸಿಲಿನಲ್ಲಿ ತಂತಿಯ ಮೇಲೆ ಗೆರೆ ಎಳೆಯುತ್ತ ಹೋಗಿ. ಒಂದು ರೆಸಿಸ್ಟರೋ ಬ್ಯಾಟರಿಯೋ ಸಿಕ್ಕಿದ ಕೂಡಲೇ ನಿಲ್ಲಿಸಿ. ಕವಲುಗಳಿದ್ದರೆ ಎಲ್ಲ ಕವಲಿನಲ್ಲೂ ಹಾಗೇ ಹೋಗಿ. ಆ ಬಣ್ಣ ಮುಟ್ಟಿದ್ದೆಲ್ಲ A. ಬಣ್ಣ ಬದಲಿಸಿ ಮುಂದಿನದಕ್ಕೆ B, ಆಮೇಲೆ C. ಬ್ಯಾಟರಿಯ ಮೈನಸ್ ಬದಿಗೆ 0 ಎಂದು ಬರೆಯುವುದು ರೂಢಿ. ಬಣ್ಣ ಬಳಿಯದ ತಂತಿ ಎಲ್ಲೂ ಉಳಿಯಬಾರದು.

ಹೆಸರಿಟ್ಟಾದ ಮೇಲೆ ಸರಣಿಯೋ ಸಮಾಂತರವೋ ಎಂಬ ಪ್ರಶ್ನೆಗೆ ಕಣ್ಣಳತೆ ಬೇಕಿಲ್ಲ. ಎರಡು ರೆಸಿಸ್ಟರುಗಳ ಎರಡೂ ತುದಿಗಳಲ್ಲಿ ಅದೇ ಜೋಡಿ ಅಕ್ಷರಗಳಿದ್ದರೆ ಅವು ಸಮಾಂತರ. ಒಂದೇ ಒಂದು ಅಕ್ಷರ ಸಮವಾಗಿದ್ದು, ಆ ನೋಡಿಗೆ ಮೂರನೆಯದು ಯಾವುದೂ ಸೇರಿರದಿದ್ದರೆ ಅವು ಸರಣಿ. ಒಂದೇ ರೆಸಿಸ್ಟರಿನ ಎರಡೂ ತುದಿಗೆ ಒಂದೇ ಅಕ್ಷರ ಬಂದರೆ ಅದು ಶಾರ್ಟ್ ಆಗಿದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಅಳಿಸಿಬಿಡಬಹುದು. ಈ ಮೂರರಲ್ಲಿ ಯಾವುದೂ ಅಲ್ಲದ ಜೋಡಿಗಳೂ ಇರುತ್ತವೆ. ಅವನ್ನು ಬಲವಂತವಾಗಿ ಸರಣಿಗೋ ಸಮಾಂತರಕ್ಕೋ ಸೇರಿಸಬಾರದು.

## ಒಂದು ಲೆಕ್ಕ: ಸಾಲಾಗಿ ನಿಂತ ಮೂರು ರೆಸಿಸ್ಟರ್

ಪರೀಕ್ಷೆಗಳಲ್ಲಿ ಮತ್ತೆಮತ್ತೆ ಕಾಣುವ ಚಿತ್ರ ಇದು. ತಲಾ 6 ಓಮ್‌ನ ಮೂರು ರೆಸಿಸ್ಟರ್ ಒಂದೇ ಗೆರೆಯಲ್ಲಿವೆ. A ಮತ್ತು C ನಡುವೆ ಒಂದು ತಂತಿ, B ಮತ್ತು D ನಡುವೆ ಇನ್ನೊಂದು ತಂತಿ. A ಮತ್ತು D ನಡುವಿನ ಒಟ್ಟು ರೋಧ ಎಷ್ಟು?

```
A ──[R1]── B ──[R2]── C ──[R3]── D
A ─────── ತಂತಿ ────── C
           B ─────── ತಂತಿ ────── D
```

ನೋಡಿದ ತಕ್ಷಣ ಬರುವ ಉತ್ತರ 18 ಓಮ್, ಏಕೆಂದರೆ ಚಿತ್ರ ಸರಣಿಯ ಹಾಗೆ ಕಾಣುತ್ತದೆ. ಈಗ ಬಣ್ಣ ಬಳಿಯಿರಿ. A ಯಿಂದ ಹೊರಟ ಗೆರೆ ತಂತಿಯ ಮೂಲಕ C ತಲುಪುತ್ತದೆ, ಹಾಗಾಗಿ C ಎಂಬ ಬೇರೆ ನೋಡ್ ಇಲ್ಲ, ಅದೂ A. ಹಾಗೆಯೇ D ಎಂಬುದೂ B. ಅಕ್ಷರ ತಿದ್ದಿ ಬರೆದರೆ R1 ಇರುವುದು A ಮತ್ತು B ನಡುವೆ, R2 ಇರುವುದು B ಮತ್ತು A ನಡುವೆ, R3 ಮತ್ತೆ A ಮತ್ತು B ನಡುವೆ. ಮೂರಕ್ಕೂ ಅದೇ ಜೋಡಿ. ಮೂರೂ ಸಮಾಂತರ, ಉತ್ತರ 6 ÷ 3 = 2 ಓಮ್.

A ಮತ್ತು D ಗೆ 6 ವೋಲ್ಟ್ ಕೊಟ್ಟರೆ ಒಟ್ಟು ಕರೆಂಟ್ 3 ಆಂಪಿಯರ್, ಪ್ರತಿ ರೆಸಿಸ್ಟರಿನಲ್ಲಿ 1 ಆಂಪಿಯರ್. ಒಂದು ಸ್ವಾರಸ್ಯವಿದೆ: R1 ಮತ್ತು R3 ನಲ್ಲಿ ಕರೆಂಟ್ ಎಡದಿಂದ ಬಲಕ್ಕೆ ಹರಿದರೆ, ನಡುವಿನ R2 ನಲ್ಲಿ ಬಲದಿಂದ ಎಡಕ್ಕೆ ಹರಿಯುತ್ತದೆ. ಈ ಚಿತ್ರವನ್ನು ಕಾರ್ಡಿಗೆ ಎತ್ತುವಾಗ ಇದ್ದ ಹಾಗೆ ನಕಲು ಮಾಡಬೇಡಿ. ಎಡಬದಿಯಲ್ಲಿ ಮೂಲ ಚಿತ್ರ, ಬಲಬದಿಯಲ್ಲಿ A ಯನ್ನು ಮೇಲಿನ ಅಡ್ಡಗೆರೆಯಾಗಿಯೂ B ಯನ್ನು ಕೆಳಗಿನ ಅಡ್ಡಗೆರೆಯಾಗಿಯೂ ಇಟ್ಟು ಮೂರು ರೆಸಿಸ್ಟರುಗಳನ್ನು ಏಣಿಯ ಮೆಟ್ಟಿಲಿನಂತಲ್ಲದೆ ಕಂಬಗಳಂತೆ ನಿಲ್ಲಿಸಿ ಬರೆಯಿರಿ. ಈ ಒಂದು ಕಾರ್ಡಿಗೆ ಮಾತ್ರ ಎರಡು ಚಿತ್ರ ಇರುವುದು ಒಳ್ಳೆಯದು.

## ಗೆರೆ ಎಳೆಯುವಾಗಿನ ಶಿಸ್ತು

ಚಿತ್ರ ಬರೆಯುವ ರೀತಿಯಲ್ಲಿ ಒಂದೇ ಪದ್ಧತಿ ಹಿಡಿದರೆ ಕಾರ್ಡುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಹೆಚ್ಚಿನ ವೋಲ್ಟೇಜ್ ಮೇಲೆ, 0 ಕೆಳಗೆ. ಬ್ಯಾಟರಿ ಎಡಕ್ಕೆ, ಲೋಡ್ ಬಲಕ್ಕೆ. ಬ್ಯಾಟರಿಯ ಉದ್ದ ಗೆರೆ ಪ್ಲಸ್, ಗಿಡ್ಡ ಗೆರೆ ಮೈನಸ್. ರೆಸಿಸ್ಟರನ್ನು ನಮ್ಮ ಪಠ್ಯಪುಸ್ತಕಗಳಂತೆ ಅಂಕುಡೊಂಕಾಗಿ ಬರೆದರೂ ಸರಿ, ಅಂತರರಾಷ್ಟ್ರೀಯ ಪದ್ಧತಿಯಂತೆ ಆಯತವಾಗಿ ಬರೆದರೂ ಸರಿ, ಬೆರೆಸಬಾರದು ಅಷ್ಟೇ.

ತಂತಿಗಳು ಸೇರುವ ಜಾಗದಲ್ಲಿ ದಪ್ಪ ಚುಕ್ಕಿ ಇಡಬೇಕು. ಚುಕ್ಕಿ ಇಲ್ಲದೆ ಒಂದನ್ನೊಂದು ದಾಟಿದರೆ ಅವು ಸೇರಿಲ್ಲ ಎಂದರ್ಥ. ಆದರೆ ನೋಟ್ಸ್ ಜೆರಾಕ್ಸ್ ಆಗುತ್ತ ಹೋದಂತೆ ಮೊದಲು ಮಾಯವಾಗುವುದು ಈ ಚುಕ್ಕಿಯೇ. ಅದಕ್ಕೆ ಉಪಾಯ: ನಾಲ್ಕು ತಂತಿ ಕೂಡುವ ಜಾಗವನ್ನು ಅಧಿಕ ಚಿಹ್ನೆಯಂತೆ ಬರೆಯದೆ, ಸ್ವಲ್ಪ ಸರಿಸಿ ಎರಡು ಮೂರುದಾರಿ ಕೂಡಿಕೆಗಳಾಗಿ ಬರೆಯಿರಿ. ಆಗ ಚುಕ್ಕಿ ಅಳಿಸಿಹೋದರೂ ಅರ್ಥ ಅಳಿಯುವುದಿಲ್ಲ.

ಪ್ರತಿ ರೆಸಿಸ್ಟರಿಗೆ ಹೆಸರು, ಬೆಲೆ, ಕರೆಂಟಿನ ಬಾಣ ಇರಲಿ. ಬಾಣ ಒಳಹೋಗುವ ತುದಿಗೆ ಪ್ಲಸ್, ಹೊರಬರುವ ತುದಿಗೆ ಮೈನಸ್. ಬಾಣದ ದಿಕ್ಕನ್ನು ಊಹಿಸಿ ಹಾಕಬಹುದು. ಊಹೆ ತಪ್ಪಾಗಿದ್ದರೆ ಉತ್ತರ ಮೈನಸ್ ಆಗಿ ಬರುತ್ತದೆ, ಕರೆಂಟ್ ಎದುರು ದಿಕ್ಕಿಗಿದೆ ಎಂದು ಓದಿಕೊಂಡರೆ ಸಾಕು. ಆದರೆ ಬಾಣ ಮತ್ತು ಪ್ಲಸ್ ಮೈನಸ್ ಗುರುತು ಒಂದಕ್ಕೊಂದು ಹೊಂದದಿದ್ದರೆ ಚಿಹ್ನೆಗಳು ನಡುವೆಯೇ ಕಲಸಿಹೋಗುತ್ತವೆ. ಕಿರ್ಖಾಫ್ ನಿಯಮದ ಲೆಕ್ಕಗಳಲ್ಲಿ ಉತ್ತರ ತಪ್ಪುವುದು ಬೀಜಗಣಿತದಿಂದಲ್ಲ, ಹೆಚ್ಚಾಗಿ ಇದರಿಂದ.

## ಸರಣಿ ಮತ್ತು ಸಮಾಂತರ

ಇವೆರಡಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ. ಸರಣಿಯಲ್ಲಿ ಎಲ್ಲದರಲ್ಲೂ ಕರೆಂಟ್ ಒಂದೇ, ರೋಧಗಳನ್ನು ಕೂಡಿಸಬೇಕು. ಸಮಾಂತರದಲ್ಲಿ ಎಲ್ಲದರ ಮೇಲೂ ವೋಲ್ಟೇಜ್ ಒಂದೇ, ರೋಧಗಳ ವ್ಯುತ್ಕ್ರಮಗಳನ್ನು ಕೂಡಿಸಿ ಮತ್ತೆ ತಿರುಗಿಸಬೇಕು.

ಮಿತಿಯ ಸಾಲಿನಲ್ಲಿ ಬರೆಯಬೇಕಾದದ್ದು ಮುಖ್ಯ. ಎರಡು ರೆಸಿಸ್ಟರ್ ಸಮಾಂತರದಲ್ಲಿದ್ದಾಗ ಗುಣಲಬ್ಧವನ್ನು ಮೊತ್ತದಿಂದ ಭಾಗಿಸುವ ಅಡ್ಡದಾರಿ ಎಲ್ಲರಿಗೂ ಗೊತ್ತು. ಅದು ಎರಡಕ್ಕೆ ಮಾತ್ರ. 6, 3 ಮತ್ತು 2 ಓಮ್ ಸಮಾಂತರದಲ್ಲಿದ್ದಾಗ ಮೂರನ್ನೂ ಗುಣಿಸಿ ಮೊತ್ತದಿಂದ ಭಾಗಿಸಿದರೆ 36 ÷ 11, ಸುಮಾರು 3.27 ಬರುತ್ತದೆ. ಸರಿಯಾದ ಉತ್ತರ 1 ಓಮ್. ತಪ್ಪನ್ನು ಹಿಡಿಯಲು ಕಾರ್ಡಿನ ಮೂಲೆಯಲ್ಲಿ ಒಂದು ತಾಳೆಮಾತು ಬರೆದಿಡಿ: ಸಮಾಂತರದ ಒಟ್ಟು ರೋಧ, ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕಿಂತಲೂ ಚಿಕ್ಕದು. 3.27 ಎಂಬುದು 2 ಕ್ಕಿಂತ ದೊಡ್ಡದು, ಹಾಗಾಗಿ ಅದು ಉತ್ತರವಾಗಲು ಸಾಧ್ಯವೇ ಇಲ್ಲ. ಸರಣಿಯ ಕಾರ್ಡಿನಲ್ಲಿ ಇದರ ತಿರುಗುಮುರುಗು: ಎಲ್ಲಕ್ಕಿಂತ ದೊಡ್ಡದಕ್ಕಿಂತಲೂ ದೊಡ್ಡದು.

## ವೋಲ್ಟೇಜ್ ಡಿವೈಡರ್: ಮಿತಿ ಬರೆಯದಿದ್ದರೆ ಸುಳ್ಳು ಹೇಳುವ ಕಾರ್ಡ್

```
+12V ── A
        │
       [R1] 10k
        │
        ├── B ── Vout
        │
       [R2] 10k
        │
 0V ─── 0
```

ನಿಯಮ: `Vout = Vin × R2 / (R1 + R2)`. ಮಾತಿನಲ್ಲಿ ಹೇಳುವುದಾದರೆ, ಯಾವ ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆಯುತ್ತೇವೋ ಆ ರೆಸಿಸ್ಟರ್ ಮೇಲೆ, ಒಟ್ಟು ಕೆಳಗೆ. R1, R2 ಎಂಬ ಹೆಸರುಗಳಿಗಿಂತ ಈ ಮಾತೇ ವಾಸಿ, ಏಕೆಂದರೆ ಬೇರೆ ಪುಸ್ತಕದಲ್ಲಿ ಹೆಸರುಗಳು ಅದಲುಬದಲಾಗಿರಬಹುದು. ಇಲ್ಲಿ ಉತ್ತರ 6 ವೋಲ್ಟ್.

ಈಗ B ಮತ್ತು 0 ನಡುವೆ 10 ಕಿಲೋಓಮ್‌ನ ಒಂದು ಲೋಡ್ ಜೋಡಿಸಿ. ಲೋಡ್ R2 ಗೆ ಸಮಾಂತರವಾಯಿತು, ಎರಡೂ ಸೇರಿ 5 ಕಿಲೋಓಮ್. ಡಿವೈಡರಿನ ಕೆಳಗಿನ ಕಾಲು 10 ರಿಂದ 5 ಕ್ಕೆ ಇಳಿಯಿತು, Vout ಈಗ 12 × 5 ÷ 15, ಅಂದರೆ 4 ವೋಲ್ಟ್. ಸೂತ್ರ ತಪ್ಪಾಗಲಿಲ್ಲ. B ನೋಡಿನಿಂದ ಹೊರಕ್ಕೆ ಕರೆಂಟ್ ಹೋಗುವುದಿಲ್ಲ ಎಂಬ ಷರತ್ತು ಮುರಿಯಿತು, ಅಷ್ಟೇ. R1 ಮತ್ತು R2 ಸರಣಿಯಲ್ಲಿದ್ದವು ಎಂಬುದೇ ಈ ಸೂತ್ರದ ಆಧಾರ. B ಗೆ ಮೂರನೆಯ ಭಾಗ ಸೇರಿದ ಕ್ಷಣ ಅವು ಸರಣಿಯಲ್ಲಿ ಉಳಿಯಲಿಲ್ಲ. ನೋಡ್ ಅಕ್ಷರಗಳ ಪರೀಕ್ಷೆ ಇಲ್ಲಿಯೂ ಅದನ್ನೇ ಹೇಳುತ್ತದೆ.

ಹಾಗಾದರೆ ಎಷ್ಟು ದೊಡ್ಡ ಲೋಡ್ ಇದ್ದರೆ ಅದನ್ನು ಮರೆಯಬಹುದು? ರೂಢಿಯ ಅಂದಾಜು, R2 ನ ಹತ್ತು ಪಟ್ಟು ಅಥವಾ ಹೆಚ್ಚು. 100 ಕಿಲೋಓಮ್ ಲೋಡ್ ಹಾಕಿ ನೋಡಿದರೆ Vout 5.71 ವೋಲ್ಟ್ ಆಗುತ್ತದೆ, ಶೇಕಡ 5 ರೊಳಗಿನ ಇಳಿಕೆ. R1 ಎಷ್ಟೇ ಇದ್ದರೂ ಹತ್ತು ಪಟ್ಟಿನ ಲೋಡಿಗೆ ಇಳಿಕೆ ಹೆಚ್ಚೆಂದರೆ ಸುಮಾರು ಶೇಕಡ 9, ಅದನ್ನು ದಾಟಿ ಹೋಗುವುದಿಲ್ಲ. ಹಾಗಾಗಿ ಮಿತಿಯ ಸಾಲು: 'ಲೋಡ್ ≥ 10 × R2 ಇದ್ದರೆ ಮಾತ್ರ, ಇಲ್ಲದಿದ್ದರೆ ಮೊದಲು R2 ಮತ್ತು ಲೋಡನ್ನು ಸಮಾಂತರ ಮಾಡು.'

ಲ್ಯಾಬಿನಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಮೀಟರ್ ಕೂಡ ಒಂದು ಲೋಡ್. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ವೋಲ್ಟೇಜ್ ಅಳೆಯುವಾಗ ಸುಮಾರು 10 ಮೆಗಾಓಮ್ ಆಗಿರುತ್ತದೆ. 10 ಕಿಲೋಓಮ್ ಡಿವೈಡರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಎರಡು 1 ಮೆಗಾಓಮ್ ರೆಸಿಸ್ಟರಿನ ಡಿವೈಡರಿಗೆ 12 ವೋಲ್ಟ್ ಕೊಟ್ಟು ಅಳೆದರೆ ಮೀಟರ್ 6 ರ ಬದಲು ಸುಮಾರು 5.7 ತೋರಿಸುತ್ತದೆ. ರೆಸಿಸ್ಟರ್ ಕೆಟ್ಟಿದೆ ಎಂದು ಬದಲಿಸುತ್ತ ಕೂತರೆ ಸಂಜೆಯಾಗುತ್ತದೆ.

ಕಾರ್ಡಿನ ಹಿಂಬದಿಗೆ ಇನ್ನೊಂದು ಸಾಲು ಸೇರಿಸಬಹುದು. ಲೋಡಿನ ಕಡೆಯಿಂದ ನೋಡಿದರೆ ಈ ಇಡೀ ಡಿವೈಡರ್, 6 ವೋಲ್ಟ್‌ನ ಒಂದು ಬ್ಯಾಟರಿ ಮತ್ತು ಅದರ ಜೊತೆ ಸರಣಿಯಲ್ಲಿ 5 ಕಿಲೋಓಮ್ ಇದ್ದ ಹಾಗೆ ವರ್ತಿಸುತ್ತದೆ. ಆ 5 ಕಿಲೋಓಮ್ ಬಂದದ್ದು R1 ಮತ್ತು R2 ಸಮಾಂತರದಿಂದ. ಥೆವೆನಿನ್ ಪ್ರಮೇಯ ಹೇಳುವುದು ಇದನ್ನೇ. ಮುಂದೆ ಕೆಪಾಸಿಟರ್ ಕಾರ್ಡಿನಲ್ಲಿ ಇದು ಮತ್ತೆ ಬೇಕಾಗುತ್ತದೆ.

ಆಂತರಿಕ ರೋಧವಿರುವ ಬ್ಯಾಟರಿಗೆ ನೋಟ್ಸ್‌ನಲ್ಲಿ ಬೇರೆಯೇ ಶೀರ್ಷಿಕೆ ಇರುತ್ತದೆ. ಚಿತ್ರ ಬರೆದು ನೋಡಿದರೆ ಅದು ಡಿವೈಡರೇ. 1.5 ವೋಲ್ಟ್ ಸೆಲ್, ಒಳಗೆ 0.5 ಓಮ್, ಹೊರಗೆ 2.5 ಓಮ್ ಲೋಡ್: ತುದಿಗಳಲ್ಲಿ ಸಿಗುವುದು 1.5 × 2.5 ÷ 3, ಅಂದರೆ 1.25 ವೋಲ್ಟ್. ಇದಕ್ಕೆ ಹೊಸ ನಿಯಮ ಬೇಡ, ಡಿವೈಡರ್ ಕಾರ್ಡಿನ ಜೊತೆಗೇ ಕಟ್ಟಿ ಇಡಿ. ಒಂದೇ ಎಚ್ಚರಿಕೆ: ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಕರೆಂಟಿನ ಬಾಣ ತಿರುಗುತ್ತದೆ, ಆಗ `V = E − I r` ಬದಲು `V = E + I r`.

## ಕರೆಂಟ್ ಡಿವೈಡರ್

ಎರಡು ಕವಲಿದ್ದರೆ ಒಂದು ಕವಲಿನ ಕರೆಂಟಿಗೆ ಎದುರು ಕವಲಿನ ರೋಧ ಮೇಲೆ ಬರುತ್ತದೆ. ವೋಲ್ಟೇಜ್ ಡಿವೈಡರಿನ ತಿರುಗುಮುರುಗು. ಎರಡನ್ನೂ ಒಟ್ಟಿಗೆ ಬಾಯಿಪಾಠ ಮಾಡಿದವರಿಗೆ ಯಾವುದರಲ್ಲಿ ಯಾವುದು ಮೇಲೆ ಎಂಬ ಗೊಂದಲ ತಪ್ಪಿದ್ದಲ್ಲ. ಮೂರು ಕವಲು ಬಂದರೆ 'ಎದುರು ಕವಲು' ಎಂಬ ಮಾತಿಗೇ ಅರ್ಥವಿಲ್ಲ.

ಅದಕ್ಕೆ ಕಾರ್ಡಿನ ಮೇಲೆ ಇನ್ನೊಂದು ರೂಪ ಬರೆಯುವುದು ಮೇಲು: `Ik = I × Req / Rk`. ಒಟ್ಟು ಕರೆಂಟನ್ನು ಸಮಾಂತರದ ಒಟ್ಟು ರೋಧದಿಂದ ಗುಣಿಸಿದರೆ ಎಲ್ಲ ಕವಲಿಗೂ ಸಮನಾದ ವೋಲ್ಟೇಜ್ ಸಿಗುತ್ತದೆ, ಅದನ್ನು ನಮಗೆ ಬೇಕಾದ ಕವಲಿನ ರೋಧದಿಂದ ಭಾಗಿಸುತ್ತೇವೆ. ಮೇಲಿನ 6, 3, 2 ಓಮ್ ಕವಲುಗಳಿಗೆ 12 ಆಂಪಿಯರ್ ಬಂದರೆ, ಒಟ್ಟು ರೋಧ 1 ಓಮ್, ವೋಲ್ಟೇಜ್ 12. ಕವಲುಗಳಲ್ಲಿ 2, 4, 6 ಆಂಪಿಯರ್. ಕೂಡಿಸಿದರೆ 12, ತಾಳೆ ಸರಿಯಾಯಿತು.

## ವೀಟ್‌ಸ್ಟನ್ ಬ್ರಿಡ್ಜ್

ಈ ಸರ್ಕ್ಯೂಟನ್ನು 1833 ರಲ್ಲಿ ಮೊದಲು ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843 ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಅದನ್ನು ಬಳಕೆಗೆ ತಂದರು, ಹೆಸರು ಅವರದಾಯಿತು.

```
          B
     R1 /   \ R2
       A  G  C
     R3 \   / R4
          D
```

ಬ್ಯಾಟರಿ A ಮತ್ತು C ಗೆ, ಗ್ಯಾಲ್ವನೋಮೀಟರ್ B ಮತ್ತು D ನಡುವೆ. ಸಮತೋಲದ ಷರತ್ತನ್ನು ಒಂದು ಪುಸ್ತಕ P/Q = R/S ಎನ್ನುತ್ತದೆ, ಇನ್ನೊಂದು R1, R2 ಗಳನ್ನು ಬೇರೆ ಮೂಲೆಗಳಲ್ಲಿಟ್ಟು ಬೇರೆ ಥರ ಬರೆಯುತ್ತದೆ. ಹೆಸರುಗಳ ಹಂಗಿಲ್ಲದ ನಿಯಮ ಇದು: ಎದುರುಬದುರಿನ ತೋಳುಗಳ ಗುಣಲಬ್ಧ ಸಮ. ಈ ಚಿತ್ರದಲ್ಲಿ R1 × R4 = R2 × R3. ಬ್ಯಾಟರಿಯನ್ನೂ ಗ್ಯಾಲ್ವನೋಮೀಟರನ್ನೂ ಅದಲುಬದಲು ಮಾಡಿದರೂ ಎದುರುಬದುರು ತೋಳುಗಳು ಬದಲಾಗುವುದಿಲ್ಲ, ಹಾಗಾಗಿ ಸಮತೋಲವೂ ಕೆಡುವುದಿಲ್ಲ.

ಸಮತೋಲವಾದಾಗ B ಮತ್ತು D ಒಂದೇ ವೋಲ್ಟೇಜಿನಲ್ಲಿರುತ್ತವೆ. ನಡುವಿನ ಕೊಂಡಿಯಲ್ಲಿ ಕರೆಂಟ್ ಇಲ್ಲ. ಆದ್ದರಿಂದ ಅದನ್ನು ಕಿತ್ತುಹಾಕಿದರೂ ಒಂದೇ, ಅಲ್ಲಿ ಬರೀ ತಂತಿ ಹಾಕಿದರೂ ಒಂದೇ. ಇದನ್ನೇ ತಾಳೆ ನೋಡಲು ಬಳಸಬಹುದು. R1 = 100, R2 = 150, R3 = 200, R4 = 300 ಓಮ್ ಇರಲಿ. ಕೊಂಡಿ ಕಿತ್ತರೆ 250 ಮತ್ತು 500 ಸಮಾಂತರ, 166.7 ಓಮ್. ತಂತಿ ಹಾಕಿದರೆ 100 ಮತ್ತು 200 ಸಮಾಂತರ 66.7, 150 ಮತ್ತು 300 ಸಮಾಂತರ 100, ಎರಡೂ ಸೇರಿ ಮತ್ತೆ 166.7. ಈಗ R4 ಅನ್ನು 200 ಮಾಡಿ ನೋಡಿ: ಕಿತ್ತಾಗ 153.8, ತಂತಿ ಹಾಕಿದಾಗ 152.4. ಎರಡು ಉತ್ತರ ಬೇರೆಯಾದವು ಎಂದರೆ ಬ್ರಿಡ್ಜ್ ಸಮತೋಲದಲ್ಲಿಲ್ಲ, ಈ ಕಾರ್ಡ್ ಇಲ್ಲಿ ನಡೆಯುವುದಿಲ್ಲ.

ಬ್ರಿಡ್ಜ್ ಪ್ರಶ್ನೆಗಳಲ್ಲಿ ಅದನ್ನು ವಜ್ರಾಕಾರದಲ್ಲೇ ಕೊಡುತ್ತಾರೆಂಬ ಖಾತರಿಯಿಲ್ಲ. ಚೌಕ, ತ್ರಿಕೋನ, ವೃತ್ತದೊಳಗಿನ ಗೆರೆಗಳು, ಏನು ಬೇಕಾದರೂ ಇರಬಹುದು. ನಾಲ್ಕು ನೋಡ್, ಐದು ರೆಸಿಸ್ಟರ್, ಬ್ಯಾಟರಿಯ ಎರಡು ತುದಿಗಳ ನಡುವೆ ನೇರ ರೆಸಿಸ್ಟರ್ ಇಲ್ಲ: ಈ ಗುರುತು ಸಿಕ್ಕರೆ ಬ್ರಿಡ್ಜ್ ಇರಬಹುದೆಂದು ಅನುಮಾನಿಸಿ, A, B, C, D ಅಕ್ಷರ ಹಾಕಿ ವಜ್ರಾಕಾರಕ್ಕೆ ತಿರುಗಿಸಿ ಬರೆಯಿರಿ.

## ಕೆಪಾಸಿಟರ್ ಬಂದಾಗ ಕಾಲವೂ ಬರುತ್ತದೆ

ಇಲ್ಲಿಯವರೆಗಿನ ಕಾರ್ಡುಗಳಿಗೆ ಸಮಯದ ಗೊಡವೆ ಇರಲಿಲ್ಲ. ರೆಸಿಸ್ಟರಿನ ಮೂಲಕ ಕೆಪಾಸಿಟರ್ ಚಾರ್ಜ್ ಆಗುವ ಸರ್ಕ್ಯೂಟಿನಲ್ಲಿ ಒಂದೇ ಚಿತ್ರ ಮೂರು ಬಾರಿ ಬದಲಾಗುತ್ತದೆ. ಖಾಲಿ ಕೆಪಾಸಿಟರ್ ಸ್ವಿಚ್ ಒತ್ತಿದ ಕ್ಷಣದಲ್ಲಿ ಬರೀ ತಂತಿಯಂತೆ ವರ್ತಿಸುತ್ತದೆ. ಬಹಳ ಹೊತ್ತಿನ ನಂತರ ತುಂಬಿ, ಕತ್ತರಿಸಿದ ತಂತಿಯಂತಾಗುತ್ತದೆ. ನಡುವಿನ ಅವಧಿಯನ್ನು ಅಳೆಯುವ ಮಾನ `τ = R × C`. ಒಂದು τ ಕಳೆದಾಗ ಅಂತಿಮ ವೋಲ್ಟೇಜಿನ ಶೇಕಡ 63, ಐದು τ ಕಳೆದಾಗ ಶೇಕಡ 99 ದಾಟಿರುತ್ತದೆ.

ಘಟಕಗಳಲ್ಲಿ ಮುಗ್ಗರಿಸದಿರಲು ಒಂದು ಅನುಕೂಲವಿದೆ: ಕಿಲೋಓಮ್ ಅನ್ನು ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೆ ನೇರವಾಗಿ ಮಿಲಿಸೆಕೆಂಡ್. 10 ಕಿಲೋಓಮ್, 100 ಮೈಕ್ರೋಫ್ಯಾರಡ್ ಎಂದರೆ 1000 ಮಿಲಿಸೆಕೆಂಡ್, ಒಂದು ಸೆಕೆಂಡ್. 5 ವೋಲ್ಟ್ ಕೊಟ್ಟರೆ ಒಂದು ಸೆಕೆಂಡಿಗೆ 3.16 ವೋಲ್ಟ್, ಐದು ಸೆಕೆಂಡಿಗೆ 4.97 ವೋಲ್ಟ್. ಲ್ಯಾಬಿನಲ್ಲಿ 1.15 ಸೆಕೆಂಡ್ ಬಂದರೆ ಗಾಬರಿ ಬೇಡ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಬೆಲೆ ಸಾಮಾನ್ಯವಾಗಿ ಶೇಕಡ 20 ಹಿಂದೆಮುಂದೆ ಇರುತ್ತದೆ. ಅವುಗಳಿಗೆ ಪ್ಲಸ್ ಮೈನಸ್ ಗುರುತು ಚಿತ್ರದಲ್ಲೂ ಇರಲಿ, ತಿರುಗಿಸಿ ಜೋಡಿಸಿದರೆ ಕೆಪಾಸಿಟರ್ ಕೆಡುತ್ತದೆ, ಸಿಡಿಯಲೂಬಹುದು.

ಈ ಕಾರ್ಡಿನ ಮಿತಿ R ನಲ್ಲಿದೆ. ಅದು ಚಿತ್ರದಲ್ಲಿ ಕಾಣುವ ಯಾವುದೋ ಒಂದು ರೆಸಿಸ್ಟರಲ್ಲ, ಕೆಪಾಸಿಟರಿನ ತುದಿಗಳಿಂದ ನೋಡಿದಾಗ ಸಿಗುವ ಒಟ್ಟು ರೋಧ. ಕೆಪಾಸಿಟರಿಗೆ ಸಮಾಂತರವಾಗಿ ಇನ್ನೊಂದು 10 ಕಿಲೋಓಮ್ ಇಟ್ಟರೆ ಚಿತ್ರ ಏನಾಯಿತು ನೋಡಿ: ಡಿವೈಡರ್, ಅದರ B ನೋಡಿನಲ್ಲಿ ಕೆಪಾಸಿಟರ್. ಅಂತಿಮ ವೋಲ್ಟೇಜ್ 5 ಅಲ್ಲ, 2.5. ರೋಧ 10 ಅಲ್ಲ, ಡಿವೈಡರ್ ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟ 5 ಕಿಲೋಓಮ್. ಹಾಗಾಗಿ τ ಅರ್ಧ ಸೆಕೆಂಡ್. ನೋಟ್ಸ್‌ನ ಸೂತ್ರವನ್ನು ಹಾಗೇ ಹಾಕಿದವರಿಗೆ ಎರಡೂ ತಪ್ಪುತ್ತವೆ.

## ಬರೆದದ್ದನ್ನು ಪರೀಕ್ಷಿಸುವುದು

ಕಾರ್ಡ್ ತಪ್ಪಾಗಿದ್ದರೆ ಅದು ನೋಟ್ಸ್‌ಗಿಂತ ಅಪಾಯ, ಏಕೆಂದರೆ ಅದನ್ನು ಯಾರೂ ಮತ್ತೆ ಪ್ರಶ್ನಿಸುವುದಿಲ್ಲ. ಮೊದಲ ಪರೀಕ್ಷೆ ಕಾಗದದಲ್ಲೇ ಆಗುತ್ತದೆ: ಒಂದು ರೆಸಿಸ್ಟರಿಗೆ ಸೊನ್ನೆ ಹಾಕಿ, ಆಮೇಲೆ ತುಂಬ ದೊಡ್ಡ ಬೆಲೆ ಹಾಕಿ. ಡಿವೈಡರಿನಲ್ಲಿ R2 ಸೊನ್ನೆಯಾದರೆ Vout ಸೊನ್ನೆ, R2 ಬಹಳ ದೊಡ್ಡದಾದರೆ Vout ಹೆಚ್ಚುಕಡಿಮೆ Vin. ಮೇಲೆ R1 ಬರೆದುಬಿಟ್ಟಿದ್ದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಎರಡನೆಯದು ಕಂಪ್ಯೂಟರಿನಲ್ಲಿ. ಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಹುಟ್ಟಿತು. ಅದರ ಉಚಿತ ರೂಪವೊಂದು `ngspice`. ಅದಕ್ಕೆ ಚಿತ್ರ ಬೇಕಿಲ್ಲ, ನೋಡ್ ಅಕ್ಷರಗಳ ಪಟ್ಟಿ ಸಾಕು. ಅಂದರೆ ಬಣ್ಣ ಬಳಿದು ನಾವು ಮಾಡಿದ ಕೆಲಸವನ್ನೇ ಅದು ಕೇಳುತ್ತದೆ. ಸಾಲಾಗಿ ನಿಂತ ಮೂರು ರೆಸಿಸ್ಟರಿನ ಲೆಕ್ಕ, B ಯನ್ನು 0 ಎಂದು ಕರೆದು, ಹೀಗಿರುತ್ತದೆ:

```
three resistors
V1 A 0 6
R1 A 0 6
R2 0 A 6
R3 A 0 6
.op
.end
```

`test.cir` ಎಂಬ ಹೆಸರಿನಲ್ಲಿ ಉಳಿಸಿ `ngspice -b test.cir` ಎಂದು ಓಡಿಸಿದರೆ, ಬ್ಯಾಟರಿಯ ಕರೆಂಟ್ −3 ಎಂದು ಬರುತ್ತದೆ. ಮೈನಸ್ ನೋಡಿ ಬೆಚ್ಚಬೇಡಿ. ಸ್ಪೈಸ್ ಬ್ಯಾಟರಿಯ ಕರೆಂಟನ್ನು ಪ್ಲಸ್ ತುದಿಯಿಂದ ಒಳಹೋಗುವ ದಿಕ್ಕಿನಲ್ಲಿ ಅಳೆಯುತ್ತದೆ, ನಮ್ಮ ಬಾಣ ಹೊರಬರುವ ದಿಕ್ಕಿಗಿದೆ. ಮೊದಲ ಸಾಲು ಬರೀ ಶೀರ್ಷಿಕೆ. ಅಲ್ಲಿ ತಪ್ಪಿ ಒಂದು ರೆಸಿಸ್ಟರ್ ಬರೆದರೆ ಸ್ಪೈಸ್ ಅದನ್ನು ಸರ್ಕ್ಯೂಟಿಗೆ ಸೇರಿಸುವುದಿಲ್ಲ.

## ನಿಯಮವಿಲ್ಲದ ಕಾರ್ಡ್

ಎರಡು ಬ್ಯಾಟರಿಗಳು ಬೇರೆಬೇರೆ ಕವಲಿನಲ್ಲಿರುವ ಸರ್ಕ್ಯೂಟ್, ಸಮತೋಲ ತಪ್ಪಿದ ಬ್ರಿಡ್ಜ್: ಇವಕ್ಕೆ ಒಂದು ಸಾಲಿನ ನಿಯಮವಿಲ್ಲ. ನೋಟ್ಸ್‌ನಲ್ಲಿ ಕೊನೆಗೆ ಬರುವ ಸೂತ್ರ ಆ ಒಂದು ಲೆಕ್ಕದ ಸಂಖ್ಯೆಗಳಿಗೋ ಆ ಒಂದು ಆಕಾರಕ್ಕೋ ಮಾತ್ರ ಅನ್ವಯಿಸುತ್ತದೆ. ಇಂಥ ಕಾರ್ಡಿನಲ್ಲಿ ಲೇಬಲ್ ಹಾಕಿದ ಚಿತ್ರ ಬರೆದು, ನಿಯಮದ ಜಾಗದಲ್ಲಿ ದಾರಿಯನ್ನು ಬರೆಯಬೇಕು. ಎರಡು ಬ್ಯಾಟರಿಗೆ 'ಪ್ರತಿ ನೋಡಿಗೆ ಒಳಬಂದದ್ದು = ಹೊರಹೋದದ್ದು ಎಂದು ಬರೆ, 0 ನೋಡನ್ನು ಬಿಡು'. ಸಮತೋಲ ತಪ್ಪಿದ ಬ್ರಿಡ್ಜಿಗೆ 'A, B, D ತ್ರಿಕೋನವನ್ನು ಸ್ಟಾರ್ ಮಾಡು, ಆಮೇಲೆ ಸರಣಿ ಮತ್ತು ಸಮಾಂತರ'. ಇವನ್ನು ಬೇರೆ ಬಣ್ಣದ ಹಾಳೆಯಲ್ಲಿ ಬರೆದರೆ, ಕಟ್ಟಿನಿಂದ ತೆಗೆದಾಗಲೇ ಇಲ್ಲಿ ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಸಾಲದು ಎಂದು ಗೊತ್ತಾಗುತ್ತದೆ. ಸಿಇಟಿಯಲ್ಲಾದರೆ ಅಂಥ ಪ್ರಶ್ನೆಯನ್ನು ಗುರುತು ಹಾಕಿ ಕೊನೆಗೆ ಇಟ್ಟುಕೊಳ್ಳಬಹುದು.